ಜರ್ಮನಿಯಲ್ಲಿ ಕುರ್ಟ್ಸ್‌ಆರ್ಬೈಟ್ ಬಂದರೆ: ಸಂಬಳದಲ್ಲಿ ಎಷ್ಟು ಹೋಗುತ್ತದೆ, ಎಷ್ಟು ತುಂಬಿ ಬರುತ್ತದೆ

ಶುಕ್ರವಾರ ಮಧ್ಯಾಹ್ನ ಕಂಪನಿಯಿಂದ ಒಂದು ಮೇಲ್ ಬರುತ್ತದೆ. ಆರ್ಡರ್ ಕಡಿಮೆಯಾಗಿದೆ, ಮುಂದಿನ ತಿಂಗಳಿಂದ ನಿಮ್ಮ ವಿಭಾಗಕ್ಕೆ ಕುರ್ಟ್ಸ್‌ಆರ್ಬೈಟ್, ವಾರಕ್ಕೆ ಮೂರೇ ದಿನ ಕೆಲಸ ಎಂದು ಅದರಲ್ಲಿ ಬರೆದಿರುತ್ತದೆ. ಸ್ಟುಟ್‌ಗಾರ್ಟ್ ಸುತ್ತಮುತ್ತ ವಾಹನ ಉದ್ಯಮದಲ್ಲಿ ಕೆಲಸ ಮಾಡುವ ನಮ್ಮವರು ಇತ್ತೀಚಿನ ವರ್ಷಗಳಲ್ಲಿ ಈ ಪದವನ್ನು ಬೇಕಾದಷ್ಟು ಸಲ ಕೇಳಿದ್ದಾರೆ. ನನಗೆ ಆ ಮೇಲ್ ಬಂದ ದಿನ ಊರಿನ ಗೆಳೆಯನೊಬ್ಬ ಫೋನಿನಲ್ಲಿ, "ಐದರಲ್ಲಿ ಎರಡು ದಿನ ಹೋಯ್ತು ಅಂದ್ರೆ ನೂರಕ್ಕೆ ನಲವತ್ತು ಹೋಯ್ತಲ್ಲೋ, ಮನೆ ಬಾಡಿಗೆ ಹೆಂಗೆ ಕಟ್ತೀಯ?" ಎಂದ. ನಾನೂ ಹಾಗೇ ಅಂದುಕೊಂಡು ಎರಡು ರಾತ್ರಿ ನಿದ್ದೆಗೆಟ್ಟೆ. ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು, ಕೈಗೆ ಬರುವ ಹಣದಲ್ಲಿ ನಲವತ್ತು ಹೋಗುವುದಿಲ್ಲ, ಹದಿನಾಲ್ಕರ ಆಸುಪಾಸು ಹೋಗುತ್ತದೆ. ಆದರೆ ಮರುವರ್ಷ ತೆರಿಗೆಯ ರೂಪದಲ್ಲಿ ಇನ್ನೂ ಸ್ವಲ್ಪ ಹೋಗುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿಡುವುದಕ್ಕೆ ಈ ಲೇಖನ.

ಮೊದಲು ವಿಷಯ ಇಷ್ಟು. ಕುರ್ಟ್ಸ್‌ಆರ್ಬೈಟ್ ಎಂದರೆ ಕೆಲಸದ ಅವಧಿಯನ್ನು ತಾತ್ಕಾಲಿಕವಾಗಿ ಇಳಿಸುವುದು. ಇಳಿದಷ್ಟು ಪಾಲು ಸಂಬಳವೂ ಇಳಿಯುತ್ತದೆ. ಹೀಗೆ ಕಳೆದುಕೊಂಡದ್ದರಲ್ಲಿ ಒಂದು ಭಾಗವನ್ನು ನಿರುದ್ಯೋಗ ವಿಮೆಯ ನಿಧಿ ತುಂಬಿಕೊಡುತ್ತದೆ. ಆ ಹಣದ ಹೆಸರು ಕುರ್ಟ್ಸ್‌ಆರ್ಬೈಟರ್‌ಗೆಲ್ಡ್, ಆಫೀಸಿನವರ ಬಾಯಲ್ಲಿ ಬರೀ ಕುಗ್. ನಮ್ಮ ದೇಶದ ಕಾರ್ಖಾನೆಗಳಲ್ಲಿ ಲೇ-ಆಫ್ ಆದ ಕಾರ್ಮಿಕರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡುವ ಕಾನೂನಿದೆ, ಆದರೆ ಅದನ್ನು ಕೊಡಬೇಕಾದವರು ಮಾಲೀಕರು. ಇಲ್ಲಿ ಕೊಡುವುದು ವಿಮೆ. ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ ನಿರುದ್ಯೋಗ ವಿಮೆಗೆಂದು ಕಡಿತವಾಗುತ್ತಿತ್ತಲ್ಲ, ಅದೇ ದುಡ್ಡು ಈಗ ಹಿಂದಿರುಗುತ್ತಿದೆ. ಹಾಗಾಗಿ ಇದನ್ನು ಪಡೆಯಲು ಸಂಕೋಚಪಡುವ ಅಗತ್ಯವಿಲ್ಲ.

ಹಂತ 1: ಸಹಿ ಹಾಕುವ ಮುನ್ನ ಕಾಗದ ಓದಿ

ಕಂಪನಿ ತಾನಾಗಿಯೇ ನಿಮ್ಮ ಕೆಲಸದ ಅವಧಿ ಕಡಿಮೆ ಮಾಡುವಂತಿಲ್ಲ. ಅದಕ್ಕೊಂದು ಆಧಾರ ಬೇಕು. ಕಾರ್ಮಿಕ ಸಂಘದ ಜೊತೆಗಿನ ವೇತನ ಒಪ್ಪಂದ ಇರಬೇಕು, ಇಲ್ಲವೇ ನೌಕರರೇ ಆರಿಸಿದ ಮಂಡಳಿಯಾದ ಬೆಟ್ರೀಬ್ಸ್‌ರಾಟ್ ಜೊತೆ ಲಿಖಿತ ಒಪ್ಪಂದ ಆಗಿರಬೇಕು, ಇವೆರಡೂ ಇಲ್ಲದ ಕಡೆ ನಿಮ್ಮ ವೈಯಕ್ತಿಕ ಒಪ್ಪಿಗೆ ಬೇಕು. ದೊಡ್ಡ ಕಂಪನಿಗಳಲ್ಲಿ ಮೊದಲೆರಡರಲ್ಲಿ ಒಂದು ಇದ್ದೇ ಇರುತ್ತದೆ, ಆಗ ನಿಮ್ಮ ಸಹಿ ಕೇಳುವುದೇ ಇಲ್ಲ. ಸಣ್ಣ ಕಂಪನಿಗಳಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಮುಂದಿಡುತ್ತಾರೆ.

ಆ ಪುಟದಲ್ಲಿ ನೋಡಬೇಕಾದದ್ದು ಮೂರು. ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದಿದೆಯೇ ಎಂಬುದು ಒಂದು. ಕಡಿತ ಗಂಟೆಗಳಲ್ಲೋ, ಪೂರ್ತಿ ದಿನಗಳಲ್ಲೋ ಎಂಬುದು ಇನ್ನೊಂದು, ಇದು ರಜೆಯ ಲೆಕ್ಕಕ್ಕೆ ಬಹಳ ಮುಖ್ಯ. ಕುಗ್ ಮೇಲೆ ಕಂಪನಿ ತನ್ನ ಕಡೆಯಿಂದ ಏನಾದರೂ ಸೇರಿಸುತ್ತದೆಯೇ ಎಂಬುದು ಮೂರನೆಯದು. ಹಾಗೆ ಸೇರಿಸುವುದಕ್ಕೆ ಔಫ್‌ಶ್ಟೋಕುಂಗ್ ಎನ್ನುತ್ತಾರೆ. ಬಾಡೆನ್-ವ್ಯೂರ್ಟೆಂಬರ್ಗ್‌ನ ಲೋಹ ಮತ್ತು ವಿದ್ಯುತ್ ಉದ್ಯಮದ ವೇತನ ಒಪ್ಪಂದದಲ್ಲಿ ಇಂಥ ಹೆಚ್ಚುವರಿಗೆ ಅವಕಾಶವಿದೆ. ಒಪ್ಪಂದಕ್ಕೆ ಸೇರದ ಸಣ್ಣ ಕಂಪನಿಗಳಲ್ಲಿ ಅದು ಮಾಲೀಕರ ಮನಸ್ಸಿಗೆ ಬಿಟ್ಟದ್ದು, ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಕುಗ್‌ಗೆ ಅರ್ಜಿ ಹಾಕುವುದು ನೀವಲ್ಲ, ಕಂಪನಿ. ಕೆಲಸ ಕಡಿಮೆಯಾದ ತಿಂಗಳು ಮುಗಿಯುವುದರೊಳಗೆ ಅದು ಸರ್ಕಾರಿ ಉದ್ಯೋಗ ಕಚೇರಿಗೆ ಸೂಚನೆ ಕೊಡಬೇಕು. ಕಂಪನಿಯಲ್ಲಿ ಅಥವಾ ಆ ವಿಭಾಗದಲ್ಲಿ ಮೂರನೇ ಒಂದರಷ್ಟು ಜನರಿಗಾದರೂ ಒಟ್ಟು ಸಂಬಳದ ಶೇಕಡಾ 10ಕ್ಕಿಂತ ಹೆಚ್ಚು ನಷ್ಟವಾಗಿರಬೇಕು. ಕಚೇರಿ ಒಪ್ಪಿದ ಮೇಲೆ ಕಂಪನಿಯೇ ನಿಮ್ಮ ಸಂಬಳದ ಜೊತೆ ಕುಗ್ ಕೊಟ್ಟು, ಆಮೇಲೆ ಕಚೇರಿಯಿಂದ ವಸೂಲಿ ಮಾಡಿಕೊಳ್ಳುತ್ತದೆ. ಕಾನೂನಿನ ಪ್ರಕಾರ ಸಾಮಾನ್ಯ ಮಿತಿ 12 ತಿಂಗಳು. ಉದ್ಯಮ ಕಷ್ಟದಲ್ಲಿದೆ ಎಂದು ಸರ್ಕಾರ 2025ರ ಜನವರಿಯಿಂದ ಅದನ್ನು ತಾತ್ಕಾಲಿಕವಾಗಿ 24 ತಿಂಗಳಿಗೆ ಏರಿಸಿತು.

ಹಂತ 2: ನಿಮ್ಮ ಕುಗ್ ಎಷ್ಟು ಎಂದು ನೀವೇ ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. "ಶೇಕಡಾ 60 ಕೊಡ್ತಾರಂತೆ" ಎಂಬ ಮಾತು ಕೇಳಿ, ಕೆಲವರು ಒಟ್ಟು ಸಂಬಳದ 60 ಎಂದುಕೊಳ್ಳುತ್ತಾರೆ, ಕೆಲವರು ಕಡಿತವಾದ ಒಟ್ಟು ಸಂಬಳದ 60 ಎಂದುಕೊಳ್ಳುತ್ತಾರೆ. ಎರಡೂ ಅಲ್ಲ. ಕೈಗೆ ಬರುವ ಸಂಬಳದಲ್ಲಿ ಎಷ್ಟು ಕೊರತೆ ಬಿತ್ತೋ ಅದರ ಶೇಕಡಾ 60. ಮಗು ಇರುವವರಿಗೆ ಶೇಕಡಾ 67. ಮಕ್ಕಳು ಎಷ್ಟೇ ಇರಲಿ, 67 ದಾಟುವುದಿಲ್ಲ.

ಲೆಕ್ಕಕ್ಕೆ ಎರಡು ಅಂಕಿ ಬೇಕು. ಕುರ್ಟ್ಸ್‌ಆರ್ಬೈಟ್ ಇಲ್ಲದಿದ್ದರೆ ಆ ತಿಂಗಳು ನಿಮಗೆ ಸಿಗಬೇಕಿದ್ದ ಒಟ್ಟು ಸಂಬಳ ಮೊದಲನೆಯದು, ಅದರ ಹೆಸರು ಝೋಲ್‌ಎಂಟ್‌ಗೆಲ್ಟ್. ಕಡಿಮೆ ಕೆಲಸಕ್ಕೆ ನಿಜವಾಗಿ ಸಿಕ್ಕ ಒಟ್ಟು ಸಂಬಳ ಎರಡನೆಯದು, ಅದು ಇಸ್ಟ್‌ಎಂಟ್‌ಗೆಲ್ಟ್. ನಾವು ಇವನ್ನು "ಬರಬೇಕಿದ್ದದ್ದು" ಮತ್ತು "ಬಂದದ್ದು" ಎಂದು ಕರೆದುಕೊಳ್ಳೋಣ. ಎರಡನ್ನೂ 20ರಿಂದ ಭಾಗವಾಗುವ ಹತ್ತಿರದ ಸಂಖ್ಯೆಗೆ ಸರಿಹೊಂದಿಸುತ್ತಾರೆ, ಅಂದರೆ 4,987 ಯೂರೋ ಇದ್ದರೆ 4,980 ಆಗುತ್ತದೆ. ಆಮೇಲೆ ಪ್ರತಿಯೊಂದರಿಂದ ಸಾಮಾಜಿಕ ವಿಮೆಗೆಂದು ಸಾರಾಸಗಟಾಗಿ ಶೇಕಡಾ 20 ಮತ್ತು ನಿಮ್ಮ ತೆರಿಗೆ ವರ್ಗಕ್ಕೆ ತಕ್ಕ ಆದಾಯ ತೆರಿಗೆ ಕಳೆದು ಒಂದು ಲೆಕ್ಕದ ನಿವ್ವಳ ತೆಗೆಯುತ್ತಾರೆ. ಈ ಕೆಲಸ ನೀವು ಮಾಡಬೇಕಿಲ್ಲ. ಉದ್ಯೋಗ ಕಚೇರಿಯ ವೆಬ್‌ಸೈಟಿನಲ್ಲಿ ಪ್ರತಿ ವರ್ಷದ ಪಟ್ಟಿ ಸಿಗುತ್ತದೆ, ಅದರಲ್ಲಿ ಸಂಬಳದ ಸಾಲು ಮತ್ತು ತೆರಿಗೆ ವರ್ಗದ ಕಾಲಂ ಕೂಡುವ ಜಾಗ ನೋಡಿದರೆ ಸಾಕು. ಉಳಿದದ್ದು ಇಷ್ಟೇ:

```
ಕೊರತೆ = ನಿವ್ವಳ(ಬರಬೇಕಿದ್ದದ್ದು) − ನಿವ್ವಳ(ಬಂದದ್ದು)
ಕುಗ್ = ಕೊರತೆ × 60%   (ಮಗು ಇದ್ದರೆ 67%)
```

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ತಿಂಗಳಿಗೆ 5,000 ಯೂರೋ ಒಟ್ಟು ಸಂಬಳದ, ಮದುವೆಯಾಗದ, ಮೊದಲನೇ ತೆರಿಗೆ ವರ್ಗದ ಒಬ್ಬ ಎಂಜಿನಿಯರ್ ಇದ್ದಾರೆ ಎಂದಿಟ್ಟುಕೊಳ್ಳಿ. ವಾರಕ್ಕೆ ಎರಡು ದಿನ ಕೆಲಸವಿಲ್ಲ, ಸಂಬಳ 3,000ಕ್ಕೆ ಇಳಿಯಿತು. 2025ರ ತೆರಿಗೆ ದರದಲ್ಲಿ ಲೆಕ್ಕದ ನಿವ್ವಳ 5,000ಕ್ಕೆ ಸುಮಾರು 3,200, 3,000ಕ್ಕೆ ಸುಮಾರು 2,100 ಬರುತ್ತದೆ. ಓದಲು ಸುಲಭವಾಗಲೆಂದು ನೂರರ ಅಂಕಿಗೆ ತಂದಿದ್ದೇನೆ. ಕೊರತೆ 1,100. ಅದರ ಶೇಕಡಾ 60 ಎಂದರೆ 660 ಯೂರೋ. ಇದು ಅವರ ಕುಗ್.

ಕಡಿಮೆಯಾದ ಸಂಬಳದ 2,100, ಕುಗ್‌ನ 660, ಒಟ್ಟು 2,760. ಮೊದಲು 3,200 ಬರುತ್ತಿದ್ದ ಕೈಗೆ ಈಗ 440 ಕಡಿಮೆ. ನೂರಕ್ಕೆ ಹದಿನಾಲ್ಕರಷ್ಟು. ಸಂಬಳ ಕಡಿಮೆಯಾದಾಗ ತೆರಿಗೆ ಅದಕ್ಕಿಂತ ಜೋರಾಗಿ ಇಳಿಯುವುದು ಇದಕ್ಕೆ ಮೊದಲ ಕಾರಣ, ಉಳಿದದ್ದನ್ನು ಕುಗ್ ತುಂಬುತ್ತದೆ. ನಿಮ್ಮ ನಿಜವಾದ ಪೇ ಸ್ಲಿಪ್ಪಿನಲ್ಲಿ ನಿವ್ವಳ ಇದಕ್ಕಿಂತ ಸ್ವಲ್ಪ ಕೆಳಗಿರಬಹುದು, ಯಾಕೆಂದರೆ ನಿಜವಾದ ವಿಮಾ ಕಡಿತ ಶೇಕಡಾ 20ಕ್ಕಿಂತ ತುಸು ಹೆಚ್ಚು. ಕುಗ್ ಮಾತ್ರ ಪಟ್ಟಿಯಲ್ಲಿದ್ದಷ್ಟೇ ಬರುತ್ತದೆ.

ಇಲ್ಲೊಂದು ಹಳೆಯ ಗೊಂದಲ ಬಿಡಿಸಬೇಕು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಕುರ್ಟ್ಸ್‌ಆರ್ಬೈಟ್‌ನಲ್ಲಿದ್ದಾಗ, ಕೆಲಸದಲ್ಲಿ ಅರ್ಧದಷ್ಟಾದರೂ ಕಡಿತವಾದವರಿಗೆ ನಾಲ್ಕನೇ ತಿಂಗಳಿಂದ ಶೇಕಡಾ 70, ಏಳನೇ ತಿಂಗಳಿಂದ ಶೇಕಡಾ 80 ಕೊಡುತ್ತಿದ್ದರು, ಮಗು ಇದ್ದವರಿಗೆ 77 ಮತ್ತು 87. ಆ ಏರಿಕೆ ಆ ಕಾಲಕ್ಕೆ ಮಾತ್ರ ಇತ್ತು, ಈಗ ಇಲ್ಲ. ಆಗ ಇಲ್ಲಿದ್ದವರು ಇಂದಿಗೂ ಹೊಸಬರಿಗೆ ಅದೇ ಅಂಕಿ ಹೇಳುತ್ತಾರೆ. ಅದನ್ನು ನಂಬಿ ಮನೆಯ ಬಜೆಟ್ ಹಾಕಬೇಡಿ.

ಹೆಚ್ಚು ಸಂಬಳದವರಿಗೆ ಒಂದು ಎಚ್ಚರಿಕೆ

ನಮ್ಮ ಸಾಫ್ಟ್‌ವೇರ್ ಮಂದಿಗೆ ಇದನ್ನು ಒತ್ತಿ ಹೇಳಬೇಕು. "ಬರಬೇಕಿದ್ದದ್ದು" ಎಂಬ ಅಂಕಿಗೆ ಒಂದು ಛಾವಣಿ ಇದೆ. ನಿರುದ್ಯೋಗ ವಿಮೆಗೆ ಎಷ್ಟು ಸಂಬಳದವರೆಗೆ ಕಂತು ಕಟ್ಟುತ್ತೇವೋ ಅಷ್ಟರವರೆಗೆ ಮಾತ್ರ ಲೆಕ್ಕ. 2025ರಲ್ಲಿ ಆ ಮಿತಿ ತಿಂಗಳಿಗೆ 8,050 ಯೂರೋ ಇತ್ತು, ಪ್ರತಿ ಜನವರಿಯಲ್ಲಿ ಅದನ್ನು ಪರಿಷ್ಕರಿಸುತ್ತಾರೆ.

ತಿಂಗಳಿಗೆ 10,000 ಪಡೆಯುವವರಿಗೆ ವಾರಕ್ಕೆ ಒಂದು ದಿನ ಕೆಲಸ ಕಡಿಮೆಯಾಗಿ ಸಂಬಳ 8,000ಕ್ಕೆ ಇಳಿದರೆ, ಕಚೇರಿಯ ಕಣ್ಣಿಗೆ ಅವರ ನಷ್ಟ 2,000 ಅಲ್ಲ, ಛಾವಣಿಯಿಂದ ಕೆಳಗೆ ಉಳಿದ 50 ಯೂರೋ ಮಾತ್ರ. ಕುಗ್ ಎಂದು ಸಿಗುವುದು ಒಂದು ಊಟದ ದುಡ್ಡು. 12,000ದಿಂದ 9,600ಕ್ಕೆ ಇಳಿದವರಿಗೆ ಏನೂ ಇಲ್ಲ, ಇಳಿದ ಮೇಲೂ ಅವರು ಛಾವಣಿಯ ಮೇಲೆಯೇ ಇದ್ದಾರೆ. ಇಂಥವರಿಗೆ ಕುರ್ಟ್ಸ್‌ಆರ್ಬೈಟ್ ಎಂದರೆ ನೇರ ಸಂಬಳ ಕಡಿತ. ನಿಮ್ಮ ಸಂಬಳ ಈ ಮಟ್ಟದಲ್ಲಿದ್ದು, ಕಂಪನಿ ವೈಯಕ್ತಿಕ ಒಪ್ಪಿಗೆ ಕೇಳುತ್ತಿದ್ದರೆ, ಔಫ್‌ಶ್ಟೋಕುಂಗ್ ಮಾತು ಆಡದೆ ಸಹಿ ಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಹಂತ 3: ತೆರಿಗೆ ವರ್ಗ ಮತ್ತು ಮಗುವಿನ ಅಂಕಿ ನೋಡಿ

ಕುಗ್ ಲೆಕ್ಕ ನಿವ್ವಳದ ಮೇಲೆ ನಿಂತಿರುವುದರಿಂದ ತೆರಿಗೆ ವರ್ಗ ಬದಲಾದರೆ ಕುಗ್ಗೂ ಬದಲಾಗುತ್ತದೆ. ಮದುವೆಯಾದವರು ಏನೂ ಮಾಡದಿದ್ದರೆ ಗಂಡ ಹೆಂಡತಿ ಇಬ್ಬರೂ ನಾಲ್ಕನೇ ವರ್ಗದಲ್ಲಿರುತ್ತಾರೆ. ಒಬ್ಬರೇ ದುಡಿಯುವ ಮನೆಯಲ್ಲಿ ದುಡಿಯುವವರು ಮೂರಕ್ಕೆ, ಮನೆಯಲ್ಲಿರುವವರು ಐದಕ್ಕೆ ಹೋಗುವುದು ರೂಢಿ. ಊರಿನಿಂದ ಹೆಂಡತಿ ಬಂದು ವರ್ಷವಾದರೂ ವರ್ಗ ಬದಲಿಸದೆ ಇರುವವರನ್ನು ನಾನು ಬಹಳ ನೋಡಿದ್ದೇನೆ.

ಅದೇ 5,000 ಮತ್ತು 3,000ದ ಉದಾಹರಣೆಯಲ್ಲಿ, ಒಂದು ಮಗು ಇರುವ ತಂದೆ ನಾಲ್ಕನೇ ವರ್ಗದಲ್ಲಿದ್ದರೆ 1,100ರ ಶೇಕಡಾ 67, ಅಂದರೆ 737 ಯೂರೋ ಕುಗ್. ಮೂರನೇ ವರ್ಗಕ್ಕೆ ಬದಲಾದರೆ ಕುಗ್ ಸುಮಾರು 820ಕ್ಕೆ ಏರುತ್ತದೆ, ಜೊತೆಗೆ ಉಳಿದ ಸಂಬಳದ ಮೇಲಿನ ತಿಂಗಳ ತೆರಿಗೆಯೂ ಇಳಿಯುತ್ತದೆ. ತೆರಿಗೆಯಲ್ಲಿ ಉಳಿದಂತೆ ಕಂಡದ್ದು ವರ್ಷದ ಕೊನೆಯ ಲೆಕ್ಕದಲ್ಲಿ ಸಮವಾಗಬಹುದು, ಆದರೆ ಹೆಚ್ಚು ಬಂದ ಕುಗ್ ಅನ್ನು ಯಾರೂ ವಾಪಸು ಕೇಳುವುದಿಲ್ಲ. ಬದಲಾವಣೆ ಅರ್ಜಿ ಹಾಕಿದ ಮುಂದಿನ ತಿಂಗಳಿಂದ ಜಾರಿಯಾಗುತ್ತದೆ, ಹಿಂದಿನ ತಿಂಗಳುಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಮೇಲ್ ಬಂದ ವಾರದಲ್ಲೇ ಈ ಕೆಲಸ ಮುಗಿಸಿ. ಇಬ್ಬರೂ ದುಡಿಯುತ್ತಿದ್ದರೆ ಕುರ್ಟ್ಸ್‌ಆರ್ಬೈಟ್ ಯಾರಿಗೆ ಎಂಬುದನ್ನು ನೋಡಬೇಕು. ಐದನೇ ವರ್ಗದಲ್ಲಿರುವವರ ಕೆಲಸವೇ ಕಡಿಮೆಯಾದರೆ ಅವರ ಕುಗ್ ಬಹಳ ಸಣ್ಣದಾಗುತ್ತದೆ.

67ರ ದರ ಸಿಗಬೇಕಾದರೆ ಮಗು ನಿಮ್ಮ ತೆರಿಗೆ ದಾಖಲೆಯಲ್ಲಿ ಕಾಣಬೇಕು. ಪೇ ಸ್ಲಿಪ್ಪಿನ ಮೇಲ್ಭಾಗದಲ್ಲಿ ತೆರಿಗೆ ವರ್ಗದ ಪಕ್ಕ 0.5 ಅಥವಾ 1.0 ಎಂಬ ಅಂಕಿ ಇದ್ದರೆ ಸರಿ. ಮಗು ಇದ್ದೂ ಅಲ್ಲಿ ಸೊನ್ನೆ ಕಂಡರೆ ತೆರಿಗೆ ಕಚೇರಿಗೆ ಬರೆದು ತಿದ್ದಿಸಬೇಕು. ಐದನೇ ವರ್ಗದವರಿಗೆ ಈ ಅಂಕಿ ದಾಖಲೆಯಲ್ಲಿ ಬರುವುದೇ ಇಲ್ಲ. ಅವರು ಉದ್ಯೋಗ ಕಚೇರಿಯಿಂದ ಮಗುವಿನ ಬಗ್ಗೆ ಒಂದು ಪ್ರಮಾಣಪತ್ರ ತಂದು ಕಂಪನಿಗೆ ಕೊಟ್ಟರೆ 67 ಸಿಗುತ್ತದೆ. ಕೇಳದಿದ್ದರೆ ಸುಮ್ಮನೆ 60 ಹಾಕಿ ಮುಗಿಸುತ್ತಾರೆ.

ಹಂತ 4: ಪೇ ಸ್ಲಿಪ್ ಸಾಲು ಸಾಲಾಗಿ ಓದಿ

ಮೊದಲ ತಿಂಗಳ ಪೇ ಸ್ಲಿಪ್ ಬಂದಾಗ ಗಾಬರಿಯಾಗುವಂತಿರುತ್ತದೆ. ಒಟ್ಟು ಸಂಬಳದ ಸಾಲಿನಲ್ಲಿ ಕಡಿತವಾದ ಗಂಟೆಗಳು ಮೈನಸ್ ಆಗಿ ಕಾಣುತ್ತವೆ, ಕೆಳಗೆ ಕುಗ್ ಬೇರೆ ಸಾಲಾಗಿ ಬರುತ್ತದೆ, ಅದಕ್ಕೆ ತೆರಿಗೆ ಹಿಡಿದಿರುವುದಿಲ್ಲ. ಕೆಲವು ಕಂಪನಿಗಳು ಗಂಟೆಗಳ ಪಟ್ಟಿ ತಿಂಗಳ ಕೊನೆಗೆ ಸಿಗುವ ಕಾರಣ ಈ ತಿಂಗಳು ಪೂರ್ತಿ ಸಂಬಳ ಹಾಕಿ, ಮುಂದಿನ ತಿಂಗಳು ತಿದ್ದುಪಡಿ ಮಾಡುತ್ತವೆ. ಆಗ ಎರಡನೇ ತಿಂಗಳಲ್ಲಿ ಎರಡು ತಿಂಗಳ ಕಡಿತ ಒಟ್ಟಿಗೆ ಬೀಳುತ್ತದೆ. ನನಗಾದದ್ದು ಇದೇ. ಮೊದಲ ತಿಂಗಳು ಅಕೌಂಟ್ ನೋಡಿ ಏನೂ ಆಗಲಿಲ್ಲವಲ್ಲ ಎಂದು ನಿರಾಳನಾಗಿ ಊರಿಗೆ ಟಿಕೆಟ್ ಮಾಡಿಸಿದೆ, ಎರಡನೇ ತಿಂಗಳು ಬಾಡಿಗೆ ಕಟ್ಟಲು ಉಳಿತಾಯಕ್ಕೆ ಕೈ ಹಾಕಬೇಕಾಯಿತು. ಪಗಾರದ ವಿಭಾಗಕ್ಕೆ ಒಂದು ಮೇಲ್ ಬರೆದು ತಿದ್ದುಪಡಿ ಯಾವ ತಿಂಗಳಲ್ಲಿ ಎಂದು ಮೊದಲೇ ಕೇಳಿಕೊಳ್ಳಿ.

ಪರೀಕ್ಷಿಸಬೇಕಾದ ಮುಖ್ಯ ಅಂಕಿ "ಬರಬೇಕಿದ್ದದ್ದು". ಓವರ್‌ಟೈಮ್ ದುಡ್ಡು ಅದರಲ್ಲಿ ಸೇರುವುದಿಲ್ಲ, ಕ್ರಿಸ್ಮಸ್ ಬೋನಸ್‌ನಂಥ ಒಂದೇ ಸಲ ಬರುವ ಹಣವೂ ಸೇರುವುದಿಲ್ಲ. ಅದು ನಿಯಮ. ಆದರೆ ಪ್ರತಿ ತಿಂಗಳೂ ತಪ್ಪದೆ ಬರುವ, ತೆರಿಗೆ ಮತ್ತು ವಿಮೆ ಎರಡೂ ಕಡಿತವಾಗುವ ಭತ್ಯೆ ಸೇರಬೇಕು. ಅದು ಬಿಟ್ಟುಹೋಗಿದ್ದರೆ ಕುಗ್ ಕಡಿಮೆ ಬಂದಿರುತ್ತದೆ. ಹಿಂದಿನ ಮೂರು ತಿಂಗಳ ಪೇ ಸ್ಲಿಪ್ ಪಕ್ಕದಲ್ಲಿಟ್ಟು ಹೋಲಿಸಿದರೆ ಇದು ಕಣ್ಣಿಗೆ ಬೀಳುತ್ತದೆ. ತಪ್ಪು ಕಂಡರೆ ತಡಮಾಡಬೇಡಿ, ಕಂಪನಿ ಆಯಾ ತಿಂಗಳ ಅರ್ಜಿಯನ್ನು ಮೂರು ತಿಂಗಳೊಳಗೆ ಕೊಡಬೇಕು, ಆ ಗಡುವು ದಾಟಿದ ಮೇಲೆ ಕಚೇರಿ ಒಪ್ಪುವುದಿಲ್ಲ.

ಪಿಂಚಣಿಯ ಬಗ್ಗೆ ಕೇಳುವವರಿಗೆ ಒಂದು ಸಮಾಧಾನದ ಸಂಗತಿ ಇದೆ. ಕಳೆದುಹೋದ ಒಟ್ಟು ಸಂಬಳದ ಶೇಕಡಾ 80ರ ಮೇಲೆ ಪಿಂಚಣಿ, ಆರೋಗ್ಯ ಮತ್ತು ಆರೈಕೆ ವಿಮೆಯ ಕಂತು ಮುಂದುವರಿಯುತ್ತದೆ, ಆ ಭಾಗವನ್ನು ಪೂರ್ತಿ ಕಂಪನಿಯೇ ಕಟ್ಟುತ್ತದೆ. ನಮ್ಮ ಉದಾಹರಣೆಯಲ್ಲಿ ಕಳೆದದ್ದು 2,000, ಅದರ 80 ಎಂದರೆ 1,600. ಹಾಗಾಗಿ ಪಿಂಚಣಿ ಖಾತೆಯಲ್ಲಿ ಆ ತಿಂಗಳು 5,000ದ ಬದಲು 4,600ಕ್ಕೆ ಕಂತು ಬಿದ್ದಂತೆ ಲೆಕ್ಕ.

ಹಂತ 5: ರಜೆ, ಕಾಯಿಲೆ, ಪಕ್ಕದ ಕೆಲಸ

ಹಿಂದಿನ ವರ್ಷದ ಉಳಿದ ರಜೆ ಮತ್ತು ಓವರ್‌ಟೈಮ್ ಖಾತೆಯಲ್ಲಿ ಜಮೆಯಾದ ಗಂಟೆಗಳನ್ನು ಮೊದಲು ಖರ್ಚು ಮಾಡಿ ಎನ್ನುತ್ತಾರೆ. ಕೆಲಸದ ಕೊರತೆ ತಪ್ಪಿಸಲು ಎಲ್ಲ ಪ್ರಯತ್ನ ಮಾಡಿದ್ದೇವೆ ಎಂದು ಕಂಪನಿ ತೋರಿಸಬೇಕಿರುತ್ತದೆ, ಅದಕ್ಕಾಗಿ. ರಜೆಯ ದಿನಕ್ಕೆ ಸಂಬಳ ಮಾತ್ರ ಪೂರ್ತಿ ದರದಲ್ಲಿ ಬರುತ್ತದೆ, ಕುರ್ಟ್ಸ್‌ಆರ್ಬೈಟ್‌ನಿಂದಾದ ಇಳಿಕೆ ರಜೆ ವೇತನಕ್ಕೆ ತಟ್ಟಬಾರದು ಎಂಬುದು ಕಾನೂನು.

ರಜೆಯ ಸಂಖ್ಯೆ ಕಡಿಮೆಯಾಗಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಪೂರ್ತಿ ದಿನಗಳೇ ಕೆಲಸವಿಲ್ಲದೆ ಹೋದರೆ ಆ ಅನುಪಾತದಲ್ಲಿ ವಾರ್ಷಿಕ ರಜೆ ಇಳಿಸಬಹುದು ಎಂದು ಜರ್ಮನಿಯ ಉನ್ನತ ಕಾರ್ಮಿಕ ನ್ಯಾಯಾಲಯ 2021ರ ನವೆಂಬರ್ 30ರಂದು ತೀರ್ಪು ಕೊಟ್ಟಿದೆ. ಐದು ದಿನದ ವಾರಕ್ಕೆ ವರ್ಷದ 260 ಕೆಲಸದ ದಿನಗಳಲ್ಲಿ 30 ರಜೆ ಇರುವವರಿಗೆ, 26 ವಾರ ಎರಡೆರಡು ದಿನ ಕೆಲಸವಿಲ್ಲದಿದ್ದರೆ 52 ದಿನ ಕಳೆದು ಹೋಗುತ್ತವೆ. ಉಳಿದ 208 ದಿನಕ್ಕೆ ಸಿಗುವ ರಜೆ 24. ಆರು ದಿನ ರಜೆ ಹೋಯಿತು. ಅದೇ ಶೇಕಡಾ 40ರ ಕಡಿತವನ್ನು ಐದೂ ದಿನಕ್ಕೆ ಹಂಚಿ ದಿನದ ಗಂಟೆ ಕಡಿಮೆ ಮಾಡಿದ್ದರೆ ದಿನಗಳ ಸಂಖ್ಯೆ ಬದಲಾಗುವುದಿಲ್ಲ, ರಜೆಯೂ ಇಳಿಯುವುದಿಲ್ಲ. ಬೆಟ್ರೀಬ್ಸ್‌ರಾಟ್ ಒಪ್ಪಂದದಲ್ಲಿ ರಜೆ ಮುಟ್ಟುವುದಿಲ್ಲ ಎಂದು ಬರೆಸಿಕೊಂಡಿರುವ ಕಂಪನಿಗಳೂ ಇವೆ. ಡಿಸೆಂಬರ್‌ನಲ್ಲಿ ಮೂರು ವಾರ ಊರಿಗೆ ಹೋಗುವ ಯೋಚನೆ ಇದ್ದರೆ ಟಿಕೆಟ್‌ಗೆ ಮೊದಲು ಇದನ್ನು ಕೇಳಿ.

ಕುರ್ಟ್ಸ್‌ಆರ್ಬೈಟ್ ನಡೆಯುತ್ತಿರುವಾಗ ಕಾಯಿಲೆ ಬಿದ್ದರೆ ಆರು ವಾರದವರೆಗೆ ಕೆಲಸದ ದಿನಗಳಿಗೆ ಸಂಬಳವೂ ಕೆಲಸವಿಲ್ಲದ ದಿನಗಳಿಗೆ ಕುಗ್ಗೂ ಹಾಗೇ ಬರುತ್ತವೆ. ಇನ್ನು ಬಿಡುವಿನ ಎರಡು ದಿನ ಬೇರೆ ಕಡೆ ದುಡಿಯುವ ಯೋಚನೆ. ಆ ಕೆಲಸ ಕುರ್ಟ್ಸ್‌ಆರ್ಬೈಟ್‌ಗೆ ಮೊದಲೇ ಇದ್ದರೆ ತೊಂದರೆಯಿಲ್ಲ. ನಡುವೆ ಹೊಸದಾಗಿ ಹಿಡಿದರೆ ಆ ಆದಾಯವನ್ನು "ಬಂದದ್ದು" ಎಂಬುದಕ್ಕೆ ಸೇರಿಸುತ್ತಾರೆ, ಕುಗ್ ಆ ಮಟ್ಟಿಗೆ ಕುಸಿಯುತ್ತದೆ. ಮುಚ್ಚಿಟ್ಟರೆ ಆಮೇಲೆ ವಸೂಲಿ ಮಾಡುತ್ತಾರೆ, ಕಂಪನಿಗೆ ತಿಳಿಸುವುದೇ ಕ್ಷೇಮ.

ಹಂತ 6: ತೆರಿಗೆಗೆ ಪ್ರತಿ ತಿಂಗಳು ಸ್ವಲ್ಪ ಎತ್ತಿಡಿ

ಕುಗ್‌ಗೆ ತೆರಿಗೆ ಇಲ್ಲ ಎಂಬುದು ಅರ್ಧ ಸತ್ಯ. ಆ ಹಣದ ಮೇಲೆ ನೇರವಾಗಿ ತೆರಿಗೆ ಬೀಳುವುದಿಲ್ಲ, ಆದರೆ ನಿಮ್ಮ ಉಳಿದ ಸಂಬಳಕ್ಕೆ ಯಾವ ದರ ಎಂದು ತೀರ್ಮಾನಿಸುವಾಗ ಕುಗ್ ಅನ್ನೂ ಕೂಡಿಸಿಕೊಳ್ಳುತ್ತಾರೆ. ದರ ಒಂದೆರಡು ಅಂಶ ಮೇಲೇರುತ್ತದೆ, ಆ ಏರಿದ ದರ ಇಡೀ ಸಂಬಳಕ್ಕೆ ಅನ್ವಯಿಸುತ್ತದೆ. ವರ್ಷಕ್ಕೆ 410 ಯೂರೋಗಿಂತ ಹೆಚ್ಚು ಕುಗ್ ಬಂದಿದ್ದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದು ಕಡ್ಡಾಯ, ಮರುವರ್ಷದ ಜುಲೈ 31 ಕೊನೆಯ ದಿನ.

ನಮ್ಮ ಎಂಜಿನಿಯರ್ ಆರು ತಿಂಗಳು ಪೂರ್ತಿ ಸಂಬಳ, ಆರು ತಿಂಗಳು 3,000 ಪಡೆದರು ಎಂದುಕೊಳ್ಳಿ. ಬಂದ ಕುಗ್ ಒಟ್ಟು 3,960. 2025ರ ದರದಲ್ಲಿ ನಾನು ಹಾಕಿದ ಅಂದಾಜಿನಂತೆ ಈ ಕುಗ್‌ನಿಂದಾಗಿ ವರ್ಷದ ತೆರಿಗೆ ಸುಮಾರು 500 ಯೂರೋ ಏರುತ್ತದೆ. ಸಂಬಳ ಏರಿಳಿತವಾಗಿದ್ದರಿಂದ ತಿಂಗಳ ಕಡಿತದಲ್ಲಿ ಸ್ವಲ್ಪ ಹೆಚ್ಚೇ ಹಿಡಿದಿರುತ್ತಾರೆ, ಅದನ್ನು ಕಳೆದರೆ ಕೈಯಿಂದ ಕಟ್ಟಬೇಕಾದದ್ದು ಸುಮಾರು 350. ಬೇರೆ ವೆಚ್ಚಗಳನ್ನು ತೋರಿಸಿದರೆ ಇನ್ನೂ ಇಳಿಯಬಹುದು. ಕುಗ್ ಬಂದ ಪ್ರತಿ ತಿಂಗಳೂ 90 ಯೂರೋ ಬೇರೆ ಖಾತೆಗೆ ಹಾಕಿಟ್ಟರೆ ಇವರಿಗೆ ಸಾಕು.

ಕಡಿತ ಹೇಗೆ ಹಂಚಿಕೆಯಾಗಿದೆ ಎಂಬುದರ ಮೇಲೆ ಇದು ತುಂಬ ಬದಲಾಗುತ್ತದೆ. ವರ್ಷವಿಡೀ ಒಂದೇ ಪ್ರಮಾಣದಲ್ಲಿ ಕೆಲಸ ಕಡಿಮೆಯಿದ್ದವರಿಗೆ ತಿಂಗಳ ಕಡಿತದಲ್ಲಿ ಹೆಚ್ಚಾಗಿ ಹಿಡಿದದ್ದು ಏನೂ ಇರುವುದಿಲ್ಲ, ಅವರಿಗೆ ಬಾಕಿಯ ಹೊರೆ ಹೆಚ್ಚು. ಕೆಲವು ತಿಂಗಳು ಪೂರ್ತಿ ಕೆಲಸ, ಕೆಲವು ತಿಂಗಳು ಸೊನ್ನೆ ಕೆಲಸ ಇದ್ದವರಿಗೆ ಹಣ ವಾಪಸು ಬರುವುದೂ ಉಂಟು. ವರ್ಷದ ಕೊನೆಯಲ್ಲಿ ಕಂಪನಿ ಕೊಡುವ ಸಂಬಳ ಪ್ರಮಾಣಪತ್ರದ 15ನೇ ಸಾಲಿನಲ್ಲಿ ಕುಗ್ ಮೊತ್ತ ಇರುತ್ತದೆ, ರಿಟರ್ನ್‌ನಲ್ಲಿ ಅದನ್ನೇ ತುಂಬಬೇಕು. ಕಂಪನಿ ಕೊಟ್ಟ ಔಫ್‌ಶ್ಟೋಕುಂಗ್‌ಗೆ ಈಗ ಮಾಮೂಲಿ ಸಂಬಳದಂತೆ ತೆರಿಗೆ ಇದೆ, ಅದಕ್ಕಿದ್ದ ವಿನಾಯಿತಿ ಕೋವಿಡ್ ಕಾಲದ್ದು.

ಮಗುವಿನ ನಿರೀಕ್ಷೆಯಲ್ಲಿರುವವರು ಇನ್ನೊಂದು ಗಮನಿಸಬೇಕು. ಹೆರಿಗೆಯ ನಂತರ ಸಿಗುವ ಎಲ್ಟರ್ನ್‌ಗೆಲ್ಡ್ ಹಿಂದಿನ ಆದಾಯದ ಮೇಲೆ ನಿಂತಿದೆ, ಅದರಲ್ಲಿ ಕುಗ್ ಆದಾಯವೆಂದು ಎಣಿಸುವುದಿಲ್ಲ. ದೀರ್ಘ ಕುರ್ಟ್ಸ್‌ಆರ್ಬೈಟ್ ಇದ್ದರೆ ಆ ಮೊತ್ತ ಇಳಿಯುತ್ತದೆ.

ಕೆಲಸವೇ ಹೋಗುವ ಸೂಚನೆ ಕಂಡರೆ, ಮತ್ತು ವೀಸಾ

ಕೆಲಸ ಬಿಡುವಂತೆ ನೋಟಿಸ್ ಬಂದರೆ, ಅಥವಾ ಪರಸ್ಪರ ಒಪ್ಪಿ ಬಿಡುವ ಪತ್ರಕ್ಕೆ ನೀವು ಸಹಿ ಹಾಕಿದರೆ, ಅಲ್ಲಿಂದ ಕುಗ್ ಹಕ್ಕು ಮುಗಿಯಿತು. ಕುಗ್ ಇರುವುದು ಉಳಿಯುವ ಕೆಲಸಕ್ಕೆ. ಒಪ್ಪಿ ಬಿಡುವ ಪತ್ರಕ್ಕೆ ಸಹಿ ಹಾಕಿದರೆ ನಿರುದ್ಯೋಗ ಭತ್ಯೆಯನ್ನೂ 12 ವಾರದವರೆಗೆ ತಡೆಯಬಹುದು, ಆದ್ದರಿಂದ ಕೊಟ್ಟ ದಿನವೇ ಸಹಿ ಮಾಡದೆ ಮನೆಗೆ ತಂದು, ಕಾರ್ಮಿಕ ಕಾನೂನು ತಿಳಿದವರಿಗೆ ತೋರಿಸಿ. ಕುರ್ಟ್ಸ್‌ಆರ್ಬೈಟ್‌ನಲ್ಲಿದ್ದು ಆಮೇಲೆ ಕೆಲಸ ಹೋದರೆ ನಿರುದ್ಯೋಗ ಭತ್ಯೆ ಸಣ್ಣ ಸಂಬಳದ ಮೇಲೆ ಬರುತ್ತದೆ ಎಂದು ಹೆದರುವವರಿದ್ದಾರೆ. ಹಾಗಿಲ್ಲ. ಕುಗ್ ಬಂದ ತಿಂಗಳುಗಳಿಗೂ "ಬರಬೇಕಿದ್ದ" ಸಂಬಳವನ್ನೇ ಹಿಡಿಯುತ್ತಾರೆ, ನಮ್ಮ ಉದಾಹರಣೆಯಲ್ಲಿ 3,000 ಅಲ್ಲ, 5,000. ಕಂಪನಿ ತುಂಬುವ ಕೆಲಸದ ಪ್ರಮಾಣಪತ್ರದಲ್ಲಿ ಆ ಅಂಕಿ ಸರಿಯಾಗಿ ಬಂದಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಬ್ಲೂ ಕಾರ್ಡ್ ಅಥವಾ ಕೆಲಸದ ವೀಸಾದಲ್ಲಿರುವವರ ದೊಡ್ಡ ಭಯ, ಕುಗ್ ತೆಗೆದುಕೊಂಡರೆ ಸರ್ಕಾರದ ನೆರವು ಪಡೆದಂತೆ ಆಗುತ್ತದೆಯೇ ಎಂಬುದು. ಕಂತು ಕಟ್ಟಿ ಪಡೆಯುವ ವಿಮೆಯ ಹಣವನ್ನು ಜರ್ಮನಿಯ ವಾಸದ ಕಾನೂನು ಸಾರ್ವಜನಿಕ ನೆರವೆಂದು ಎಣಿಸುವುದಿಲ್ಲ, ಕುಗ್ ಅಂಥ ಹಣ. ಆದರೆ ವೀಸಾ ನವೀಕರಣಕ್ಕೋ ಕಾಯಂ ವಾಸಕ್ಕೋ ಅರ್ಜಿ ಹಾಕುವಾಗ ಕೊನೆಯ ಮೂರು ಪೇ ಸ್ಲಿಪ್ ಕೇಳುತ್ತಾರೆ, ಅದರಲ್ಲಿ ಇಳಿದ ಸಂಬಳ ಕಂಡು ಅಧಿಕಾರಿ ಪ್ರಶ್ನೆ ಎತ್ತಬಹುದು. ಪೇ ಸ್ಲಿಪ್ ಜೊತೆ ಕಂಪನಿಯಿಂದ ಒಂದು ಪತ್ರ ಇಡಿ. ಕೆಲಸದ ಒಪ್ಪಂದ ಹಾಗೇ ಇದೆ, ಒಪ್ಪಂದದ ಪೂರ್ತಿ ಸಂಬಳ ಇಷ್ಟು, ಕುರ್ಟ್ಸ್‌ಆರ್ಬೈಟ್ ಇಂಥ ದಿನದಿಂದ ಇಂಥ ದಿನದವರೆಗೆ ತಾತ್ಕಾಲಿಕ ಎಂಬ ನಾಲ್ಕು ಸಾಲು ಅದರಲ್ಲಿದ್ದರೆ ಸಾಕು. ಪಗಾರದ ವಿಭಾಗದವರು ಈ ಪತ್ರ ಕೊಡಲು ಎರಡು ವಾರ ತೆಗೆದುಕೊಳ್ಳಬಹುದು, ವೀಸಾ ಕಚೇರಿಯ ಅಪಾಯಿಂಟ್‌ಮೆಂಟ್ ಸಿಕ್ಕ ದಿನವೇ ಕೇಳಿಡಿ.